ಇದಕ್ಕಿಂತ ಚಿಕ್ಕ ಯಂತ್ರ ಇಲ್ಲವೆಂದು ಸಾಧಿಸುವುದು ಹೇಗೆ?

ಒಂದು ಕೆಲಸಕ್ಕೆ ನಾಲ್ಕು ಸ್ಥಿತಿಗಳ ಯಂತ್ರ ಸಾಕು ಎಂದು ತೋರಿಸುವುದು ಕಷ್ಟವಲ್ಲ. ಆ ಯಂತ್ರವನ್ನು ಕಟ್ಟಿ ಮುಂದಿಟ್ಟರೆ ಆಯಿತು. ಅದೇ ಕೆಲಸ ಮೂರು ಸ್ಥಿತಿಗಳಲ್ಲಿ ಆಗುವುದೇ ಇಲ್ಲ ಎಂದು ತೋರಿಸುವುದು ಬೇರೆಯೇ ಮಾತು. ಮೂರು ಸ್ಥಿತಿಗಳ ಯಂತ್ರಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಬಹುದು ಎಂದುಕೊಂಡರೂ, ಸಾವಿರ ಸ್ಥಿತಿಗಳ ಯಂತ್ರಗಳನ್ನು ಹಾಗೆ ಪರೀಕ್ಷಿಸಿ ಮುಗಿಸಲು ಯಾವ ಕಂಪ್ಯೂಟರಿಗೂ ಆಗದು. ಇಂಥ ಕಡೆ ಕಣ್ಣಿಗೆ ಕಾಣದ ಅಷ್ಟೂ ಯಂತ್ರಗಳನ್ನು ಒಂದೇ ವಾದದಲ್ಲಿ ತಳ್ಳಿಹಾಕುವ ಉಪಾಯವೇ ಫೂಲಿಂಗ್ ಸೆಟ್. ಇದು ಬೇಡುವುದು ಕೆಲವು ಜೋಡಿ ಪದಗಳನ್ನು ಮಾತ್ರ.

ಇಲ್ಲಿ ಯಂತ್ರವೆಂದರೆ ಆಟೊಮಾಟನ್. ಅದಕ್ಕೆ ಇರುವುದು ಎಣಿಸಿದಷ್ಟು ಸ್ಥಿತಿಗಳು. ಪದದ ಅಕ್ಷರಗಳನ್ನು ಎಡದಿಂದ ಬಲಕ್ಕೆ ಒಮ್ಮೆ ಓದುತ್ತ ಅದು ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ಹೋಗುತ್ತದೆ. ಓದಿ ಮುಗಿದಾಗ ಒಪ್ಪಿಗೆಯ ಸ್ಥಿತಿಯಲ್ಲಿದ್ದರೆ ಪದ ಪಾಸು, ಇಲ್ಲವಾದರೆ ಫೇಲು. ಬೇರೆ ನೆನಪು, ಕಾಗದ, ಪೆನ್ಸಿಲು ಏನೂ ಇಲ್ಲ. ಈಗ ಯಾವ ಸ್ಥಿತಿಯಲ್ಲಿದೆ ಎನ್ನುವುದಷ್ಟೇ ಅದರ ನೆನಪು. ಮೈಕೆಲ್ ರಾಬಿನ್ ಮತ್ತು ಡೇನಾ ಸ್ಕಾಟ್ 1959ರ ತಮ್ಮ ಪ್ರಬಂಧದಲ್ಲಿ ಈ ಯಂತ್ರಕ್ಕೆ ಒಂದು ಸ್ವಾತಂತ್ರ್ಯ ಕೊಟ್ಟರು: ಒಂದೇ ಅಕ್ಷರ ಓದಿ ಎರಡು ಮೂರು ಕಡೆ ಹೋಗುವ ಅವಕಾಶ. ಹಲವು ದಾರಿಗಳಲ್ಲಿ ಒಂದಾದರೂ ಒಪ್ಪಿಗೆಯ ಸ್ಥಿತಿ ಮುಟ್ಟಿದರೆ ಪದ ಪಾಸು. ಹೀಗೆ ಊಹೆ ಮಾಡಬಲ್ಲ ಯಂತ್ರವನ್ನು ಎನ್‌ಎಫ್‌ಎ ಎಂದೂ, ಒಂದೇ ದಾರಿಯುಳ್ಳ ಹಳೆಯದನ್ನು ಡಿಎಫ್‌ಎ ಎಂದೂ ಕರೆಯುತ್ತಾರೆ. ಇಬ್ಬರಿಗೂ 1976ರ ಟ್ಯೂರಿಂಗ್ ಪ್ರಶಸ್ತಿ ಬಂದದ್ದು ಈ ಕೆಲಸಕ್ಕಾಗಿ.

0 ಮತ್ತು 1 ಮಾತ್ರ ಇರುವ ಪದಗಳನ್ನು ತೆಗೆದುಕೊಳ್ಳೋಣ. ಕೊನೆಯಿಂದ ಮೂರನೆಯ ಅಂಕಿ 1 ಆಗಿದ್ದರೆ ಮಾತ್ರ ಪದ ಪಾಸಾಗಬೇಕು. 0100 ಪಾಸು, 1011 ಫೇಲು. ಡಿಎಫ್‌ಎಗೆ ಪದ ಎಲ್ಲಿ ಮುಗಿಯುತ್ತದೆಂದು ಮೊದಲೇ ಗೊತ್ತಾಗುವುದಿಲ್ಲ. ಹಾಗಾಗಿ ಕೊನೆಯ ಮೂರು ಅಂಕಿಗಳನ್ನು ಸದಾ ನೆನಪಿಟ್ಟುಕೊಂಡೇ ಹೋಗಬೇಕು. ಅದಕ್ಕೆ 8 ಸ್ಥಿತಿ ಬೇಕು. ಎನ್‌ಎಫ್‌ಎಗೆ ನಾಲ್ಕೇ ಸಾಕು. ಮೊದಲ ಸ್ಥಿತಿಯಲ್ಲಿ ಸುತ್ತುತ್ತಿರುತ್ತದೆ. ಒಂದು 1 ಕಂಡಾಗ ‘ಕೊನೆಯಿಂದ ಮೂರನೆಯದು ಇದೇ’ ಎಂದು ಊಹಿಸಿ ಎರಡನೆಯ ಸ್ಥಿತಿಗೆ ಜಿಗಿಯುತ್ತದೆ. ಆಮೇಲೆ ಯಾವುದಾದರೂ ಎರಡು ಅಂಕಿ ಓದಿ ನಾಲ್ಕನೆಯ ಸ್ಥಿತಿಗೆ ಬಂದಾಗ ಪದವೂ ಮುಗಿದಿದ್ದರೆ ಊಹೆ ಸರಿ. ಮೂರನೆಯದರ ಬದಲು ಕೊನೆಯಿಂದ ಇಪ್ಪತ್ತನೆಯ ಅಂಕಿ ಎಂದರೆ ಎನ್‌ಎಫ್‌ಎಗೆ 21 ಸ್ಥಿತಿ, ಡಿಎಫ್‌ಎಗೆ 10,48,576.

ನಾಲ್ಕು ಸಾಕು ಎಂದಾಯಿತು. ಮೂರು ಸಾಲದೇ?

100 ಎಂಬ ಪದವನ್ನು ಬೇರೆ ಬೇರೆ ಜಾಗದಲ್ಲಿ ಕತ್ತರಿಸಿ ನಾಲ್ಕು ಜೋಡಿ ಮಾಡೋಣ: ಮೊದಲನೆಯದರಲ್ಲಿ ಎಡಭಾಗ ಖಾಲಿ, ಬಲಭಾಗ 100; ಎರಡನೆಯದರಲ್ಲಿ ಎಡ 1, ಬಲ 00; ಮೂರನೆಯದರಲ್ಲಿ ಎಡ 10, ಬಲ 0; ನಾಲ್ಕನೆಯದರಲ್ಲಿ ಎಡ 100, ಬಲ ಖಾಲಿ. ಪ್ರತಿ ಜೋಡಿಯ ಎಡಕ್ಕೆ ಅದರದೇ ಬಲ ಸೇರಿಸಿದರೆ 100 ಬರುತ್ತದೆ, ಅದು ಪಾಸು. ಈಗ ಒಂದು ಜೋಡಿಯ ಎಡಕ್ಕೆ ಮುಂದಿನ ಯಾವುದಾದರೂ ಜೋಡಿಯ ಬಲವನ್ನು ಅಂಟಿಸಿ. ಎರಡನೆಯದರ ಎಡ 1, ಮೂರನೆಯದರ ಬಲ 0, ಸೇರಿ 10. ಮೊದಲನೆಯದರ ಖಾಲಿ ಎಡ, ಎರಡನೆಯದರ ಬಲ 00, ಸೇರಿ 00. ಹೀಗೆ ಬರುವ ಪದಗಳಿಗೆಲ್ಲ ಮೂರಕ್ಕಿಂತ ಕಡಿಮೆ ಅಂಕಿ. ಕೊನೆಯಿಂದ ಮೂರನೆಯ ಅಂಕಿಯೇ ಇಲ್ಲ, ಎಲ್ಲವೂ ಫೇಲು. ಫೂಲಿಂಗ್ ಸೆಟ್‌ಗೆ ಬೇಕಾದ ನಿಯಮ ಇಷ್ಟೇ: ಪ್ರತಿ ಜೋಡಿ ತನ್ನಷ್ಟಕ್ಕೆ ಪಾಸಾಗಬೇಕು, ಯಾವುದೇ ಎರಡು ಜೋಡಿಗಳ ಬಲಭಾಗಗಳನ್ನು ಅದಲುಬದಲು ಮಾಡಿದಾಗ ಬರುವ ಎರಡು ಪದಗಳಲ್ಲಿ ಒಂದಾದರೂ ಫೇಲಾಗಬೇಕು.

ಇಂಥ ನಾಲ್ಕು ಜೋಡಿ ಸಿಕ್ಕರೆ ನಾಲ್ಕು ಸ್ಥಿತಿ ಬೇಕೇ ಬೇಕು. ಕಾರಣವನ್ನು ಅರಸೀಕೆರೆ ಜಂಕ್ಷನ್ನಿನಲ್ಲಿ ನಿಂತು ನೋಡಬಹುದು. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ಒಬ್ಬರು, ಮೈಸೂರಿನಿಂದ ಶಿವಮೊಗ್ಗಕ್ಕೆ ಹೊರಟ ಇನ್ನೊಬ್ಬರು, ಇಬ್ಬರೂ ಅರಸೀಕೆರೆ ಹಾದು ಹೋಗುತ್ತಾರೆ ಎಂದರೆ, ಅಲ್ಲಿ ರೈಲು ಬದಲಿಸಿ ಬೆಂಗಳೂರಿನವರು ಶಿವಮೊಗ್ಗಕ್ಕೂ ಮೈಸೂರಿನವರು ಹುಬ್ಬಳ್ಳಿಗೂ ಹೋಗಬಲ್ಲರು. ಯಂತ್ರದ ಸ್ಥಿತಿಯೂ ಹಾಗೆಯೇ, ಇಲ್ಲಿಗೆ ಎಲ್ಲಿಂದ ಬಂದೆ ಎಂದು ಅದು ಕೇಳುವುದಿಲ್ಲ. ಪ್ರತಿ ಜೋಡಿಯ ಪದ ಪಾಸಾಗುವ ದಾರಿಯೊಂದನ್ನು ಹಿಡಿದು, ಎಡಭಾಗ ಮುಗಿದ ಕ್ಷಣದಲ್ಲಿ ಯಂತ್ರ ಇದ್ದ ಸ್ಥಿತಿಯನ್ನು ಗುರುತಿಸಿ. ಜೋಡಿ ನಾಲ್ಕು, ಸ್ಥಿತಿ ಮೂರೇ ಎಂದಾದರೆ ಯಾವುದೋ ಎರಡು ಜೋಡಿಗಳಿಗೆ ಒಂದೇ ಸ್ಥಿತಿ ಬರಲೇಬೇಕು. ಅಲ್ಲಿ ಬಲಭಾಗ ಬದಲಿಸಿಕೊಂಡರೂ ಎರಡೂ ದಾರಿಗಳು ಒಪ್ಪಿಗೆಗೆ ಮುಟ್ಟುತ್ತವೆ. ಫೇಲಾಗಬೇಕಿದ್ದ ಪದವನ್ನೂ ಯಂತ್ರ ಪಾಸು ಮಾಡಿಬಿಟ್ಟಿತು, ಅಂದರೆ ಅದು ತಪ್ಪು ಯಂತ್ರ. ಯಂತ್ರ ಹೇಗೆ ಕಟ್ಟಿದ್ದು, ಬಾಣಗಳು ಎಲ್ಲಿಂದ ಎಲ್ಲಿಗೆ ಎಂಬ ಪ್ರಶ್ನೆ ಈ ವಾದದಲ್ಲಿ ಬರುವುದೇ ಇಲ್ಲ. ಈ ವಿಷಯದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಇದೇ.

ಈ ರೀತಿಯ ವಾದವನ್ನು ಎನ್‌ಎಫ್‌ಎಗೆ ಅನ್ವಯಿಸಿ ಜನಪ್ರಿಯಗೊಳಿಸಿದ್ದು ಎರಡು ಪ್ರಬಂಧಗಳು: 1992ರಲ್ಲಿ ಜೀನ್-ಕಮೀಯ್ ಬಿರ್ಜೆ ಬರೆದದ್ದು, 1996ರಲ್ಲಿ ಇಯಾನ್ ಗ್ಲೈಸ್ಟರ್ ಮತ್ತು ಜೆಫ್ರಿ ಶಾಲಿಟ್ ಬರೆದದ್ದು. ಸ್ಥಿತಿಗಳ ಲೆಕ್ಕಕ್ಕೆ ಬಳಕೆಯ ಬೆಲೆಯೂ ಉಂಟು. 1968ರಲ್ಲಿ ಕೆನ್ ಥಾಂಪ್ಸನ್ ಪಠ್ಯದೊಳಗೆ ವಿನ್ಯಾಸ ಹುಡುಕಲು ಎನ್‌ಎಫ್‌ಎಯ ಎಲ್ಲ ದಾರಿಗಳನ್ನೂ ಒಟ್ಟಿಗೆ ಹಿಡಿದು ಸಾಗುವ ಕ್ರಮ ಕೊಟ್ಟರು. ಆ ಕ್ರಮದಲ್ಲಿ ಸ್ಥಿತಿಗಳು ಹೆಚ್ಚಿದಷ್ಟೂ ಪ್ರತಿ ಅಕ್ಷರಕ್ಕೆ ಆಗುವ ಕೆಲಸ ಹೆಚ್ಚು.

ಹೊಸಬರು ಎಡವುವ ಒಂದು ಜಾಗವನ್ನು ಹೇಳಲೇಬೇಕು. ಡಿಎಫ್‌ಎಗೆ 8 ಸ್ಥಿತಿ ಬೇಕು ಎಂದು ಸಾಧಿಸುವಾಗ ಮೂರಂಕಿಯ 8 ಎಡಭಾಗಗಳನ್ನು ತೆಗೆದುಕೊಂಡು, ಪ್ರತಿ ಎರಡನ್ನೂ ಬೇರ್ಪಡಿಸುವ ಬಲಭಾಗವೊಂದನ್ನು ತೋರಿಸುತ್ತಾರೆ. 011 ಮತ್ತು 001ನ್ನು ಬೇರೆ ಮಾಡಲು 0 ಸಾಕು: 0110 ಪಾಸು, 0010 ಫೇಲು. ಆದರೆ 011 ಮತ್ತು 010ನ್ನು ಬೇರೆ ಮಾಡಲು 00 ಬೇಕು. ಎದುರಾಳಿ ಬದಲಾದಂತೆ ಬಲಭಾಗವೂ ಬದಲಾಯಿತು. ಫೂಲಿಂಗ್ ಸೆಟ್‌ನಲ್ಲಿ ಈ ಅನುಕೂಲವಿಲ್ಲ. ಪ್ರತಿ ಎಡಭಾಗ ಒಂದೇ ಬಲಭಾಗವನ್ನು ಕಟ್ಟಿಕೊಂಡು ಬಂದು, ಅದರಿಂದಲೇ ಉಳಿದವರೆಲ್ಲರನ್ನೂ ಎದುರಿಸಬೇಕು. ಇದನ್ನು ಮರೆತು 8ನ್ನೇ ಎನ್‌ಎಫ್‌ಎಗೂ ಹೇಳಿದರೆ, ನಾಲ್ಕು ಸ್ಥಿತಿಗಳ ಯಂತ್ರ ಕಣ್ಣೆದುರೇ ಇರುವಾಗ ಎಂಟು ಬೇಕೆಂದು ‘ಸಾಧಿಸಿದ’ ಹಾಗಾಗುತ್ತದೆ.

ಜೋಡಿಗಳನ್ನು ಹುಡುಕುವ ದಾರಿಯೂ ಇದೆ. ಚಿಕ್ಕದೆಂದು ನಂಬಿದ ಯಂತ್ರ ಕೈಯಲ್ಲಿದ್ದರೆ, ಪ್ರತಿ ಸ್ಥಿತಿಗೆ ಕರೆತರುವ ಒಂದು ಚಿಕ್ಕ ಪದವನ್ನು ಎಡವಾಗಿಯೂ, ಅಲ್ಲಿಂದ ಒಪ್ಪಿಗೆಗೆ ಒಯ್ಯುವ ಒಂದು ಚಿಕ್ಕ ಪದವನ್ನು ಬಲವಾಗಿಯೂ ಆರಿಸಿ ನೋಡುವುದು. ಮೇಲಿನ ನಾಲ್ಕು ಜೋಡಿಗಳು ಹಾಗೆಯೇ ಬಂದವು.

ಈ ಉಪಾಯದ ನಿಜವಾದ ಬಲ ಕಾಣಬೇಕಾದರೆ ಇಪ್ಪತ್ತು ಅಂಕಿಯ ಪದಗಳಿಗೆ ಹೋಗಬೇಕು. ಮೊದಲ ಹತ್ತು ಅಂಕಿ ಮತ್ತು ಕೊನೆಯ ಹತ್ತು ಅಂಕಿ ಒಂದೇ ಆಗಿದ್ದರೆ ಪಾಸು. ಹತ್ತಂಕಿಯ ಯಾವುದೇ ಪದ ತೆಗೆದುಕೊಂಡು ಅದನ್ನೇ ಎಡವಾಗಿಯೂ ಬಲವಾಗಿಯೂ ಇಡಿ. ಅದರಷ್ಟಕ್ಕೆ ಅದು ಪಾಸು. ಬೇರೆಯದರ ಬಲಭಾಗ ಅಂಟಿಸಿದರೆ ಎರಡು ಅರ್ಧಗಳು ಹೊಂದುವುದಿಲ್ಲ, ಫೇಲು. ಹತ್ತಂಕಿಯ ಪದಗಳು 1024. ಆದ್ದರಿಂದ ಕಡಿಮೆಯೆಂದರೂ 1024 ಸ್ಥಿತಿ ಬೇಕು. ಊಹೆ ಮಾಡುವ ಶಕ್ತಿ ಇದ್ದೂ ಇಲ್ಲಿ ಪ್ರಯೋಜನವಿಲ್ಲ.

ಪ್ರಶ್ನೆಯನ್ನು ತಿರುಗಿಸಿ, ಎರಡು ಅರ್ಧಗಳು ಬೇರೆಯಾಗಿದ್ದರೆ ಪಾಸು ಎನ್ನಿ. ಈಗ ಯಂತ್ರ ಮೊದಲ ಅರ್ಧದಲ್ಲಿ ಒಂದು ಜಾಗವನ್ನು ಊಹಿಸಿ, ಅಲ್ಲಿನ ಅಂಕಿಯನ್ನು ಹಿಡಿದುಕೊಂಡು, ಸರಿಯಾಗಿ ಹತ್ತು ಹೆಜ್ಜೆ ಮುಂದಿನ ಅಂಕಿ ಬೇರೆಯಾಗಿದೆಯೇ ಎಂದು ನೋಡಿದರೆ ಸಾಕು. ಊಹಿಸುವ ಮುಂಚೆ 10 ಸ್ಥಿತಿ. ಹಿಡಿದುಕೊಂಡು ಸಾಗುವಾಗ ಹತ್ತು ಜಾಗ, ಎರಡು ಅಂಕಿ, ಹತ್ತು ಹೆಜ್ಜೆ ಸೇರಿ 200. ವ್ಯತ್ಯಾಸ ಸಿಕ್ಕ ಮೇಲೆ ಉದ್ದ ಎಣಿಸಲು 10. ಒಟ್ಟು 220 ಸಾಕು. ಒಂದು ವ್ಯತ್ಯಾಸವನ್ನು ಹುಡುಕಲು ಊಹೆ ನೆರವಾಗುತ್ತದೆ, ಎಲ್ಲ ಜಾಗಗಳೂ ಸಮವೆಂದು ಖಚಿತಪಡಿಸಿಕೊಳ್ಳಲು ನೆರವಾಗುವುದಿಲ್ಲ.

ಇಷ್ಟೆಲ್ಲ ಇದ್ದರೂ ಫೂಲಿಂಗ್ ಸೆಟ್ ಕೊಡುವುದು ‘ಇಷ್ಟಾದರೂ ಬೇಕು’ ಎಂಬ ಮಾತು ಮಾತ್ರ. ನಿಜಕ್ಕೂ ಬೇಕಾದದ್ದು ಅದಕ್ಕಿಂತ ಹೆಚ್ಚಿರಬಹುದು. ಕನ್ನಡ ವರ್ಣಮಾಲೆಯ 49 ಅಕ್ಷರಗಳನ್ನೇ ತೆಗೆದುಕೊಂಡು, ಎರಡು ಬೇರೆ ಬೇರೆ ಅಕ್ಷರಗಳಿರುವ ಪದ ಮಾತ್ರ ಪಾಸು ಎನ್ನೋಣ: ಕಗ ಪಾಸು, ಕಕ ಫೇಲು. ನಡುವೆ ಕತ್ತರಿಸಿ ಮಾಡಿದ ಜೋಡಿಗಳಲ್ಲಿ ಕ–ಗ, ಗ–ಚ, ಚ–ಕ ಎಂಬ ಮೂರು ಸರಿಹೊಂದುತ್ತವೆ. ಯಾವ ಎರಡನ್ನು ಅದಲುಬದಲು ಮಾಡಿದರೂ ಕಕ, ಗಗ, ಚಚ ಇವುಗಳಲ್ಲಿ ಒಂದು ಬಂದೇ ಬರುತ್ತದೆ. ನಾಲ್ಕು ಜೋಡಿ ಸಿಗುವುದಿಲ್ಲ. ಎರಡು ಜೋಡಿಗಳಿಗೆ ಎಡ ಅಕ್ಷರ ಒಂದೇ ಆದರೆ ಅದಲುಬದಲು ಮಾಡಿದರೂ ಅವೇ ಪದಗಳು ಬರುತ್ತವೆ. ಬಲದ ಮಾತೂ ಹಾಗೆಯೇ. ಹಾಗಾಗಿ ಎಡ ಅಕ್ಷರಗಳೆಲ್ಲ ಬೇರೆ, ಬಲ ಅಕ್ಷರಗಳೆಲ್ಲ ಬೇರೆ ಇರಬೇಕು. ಆಗ ಒಂದು ಜೋಡಿ ತನ್ನ ಎಡದಿಂದ ಒಂದರ ಜೊತೆ, ಬಲದಿಂದ ಇನ್ನೊಂದರ ಜೊತೆ, ಹೀಗೆ ಎರಡರ ಜೊತೆ ಮಾತ್ರ ಘರ್ಷಿಸಬಲ್ಲದು. ಆರಂಭದಲ್ಲಿ ಒಮ್ಮೆ, ಕೊನೆಯಲ್ಲಿ ಒಮ್ಮೆ ಕತ್ತರಿಸಿದ ಎರಡು ಜೋಡಿ ಸೇರಿಸಿದರೆ ಒಟ್ಟು ಐದು. ಅಕ್ಷರಗಳು 49 ಇರಲಿ, ಒಂದು ಲಕ್ಷ ಇರಲಿ, ಫೂಲಿಂಗ್ ಸೆಟ್ ಐದನ್ನು ದಾಟುವುದಿಲ್ಲ.

ಯಂತ್ರಕ್ಕೆ ಬೇಕಾದದ್ದು ಮಾತ್ರ ಹತ್ತು. ಅದನ್ನು ತೋರಿಸಲು ಬೇರೆ ವಾದ ಬೇಕು. ಮೊದಲ ಅಕ್ಷರ ಓದಿ ಯಂತ್ರ ಹೋಗಬಹುದಾದ ನಡುವಿನ ಸ್ಥಿತಿಗಳ ಗುಂಪನ್ನು ಪ್ರತಿ ಅಕ್ಷರಕ್ಕೂ ಬರೆದುಕೊಳ್ಳಿ. ಕ ಅಕ್ಷರದ ಗುಂಪು ಗ ಅಕ್ಷರದ ಗುಂಪಿನೊಳಗೆ ಅಡಗಿತೆನ್ನಿ. ಕಗ ಪಾಸಾಗುವಾಗ ಹಾದ ಸ್ಥಿತಿಗೆ ಗ ಓದಿಯೂ ಬರಬಹುದು. ಅಲ್ಲಿಂದ ಇನ್ನೊಂದು ಗ ಓದಿದರೆ ಗಗ ಪಾಸಾಗಿಬಿಡುತ್ತದೆ. ಆದ್ದರಿಂದ ಯಾವ ಗುಂಪೂ ಇನ್ನೊಂದರೊಳಗೆ ಇರಕೂಡದು. ಜರ್ಮನಿಯ ಗಣಿತಜ್ಞ ಇಮ್ಯಾನುಯೆಲ್ ಸ್ಪೆರ್ನರ್ 1928ರಲ್ಲಿ ಸಾಧಿಸಿದಂತೆ, ಏಳು ವಸ್ತುಗಳಿಂದ ಅಂಥ ಗುಂಪುಗಳು ಹೆಚ್ಚೆಂದರೆ 35, ಎಂಟರಿಂದ 70. ನಮಗೆ 49 ಬೇಕು, ಏಳು ಸಾಲದು. ಎಂಟಾದರೆ ಪ್ರತಿ ಅಕ್ಷರಕ್ಕೂ ಎಂಟರಲ್ಲಿ ನಾಲ್ಕರ ಒಂದೊಂದು ಬೇರೆ ಗುಂಪು ಹಂಚಬಹುದು: ಮೊದಲ ಅಕ್ಷರ ಓದಿ ತನ್ನ ನಾಲ್ಕರಲ್ಲಿ ಒಂದಕ್ಕೆ ಹೋಗುವುದು, ಎರಡನೆಯ ಅಕ್ಷರಕ್ಕೆ ಅದರ ಗುಂಪಿನಲ್ಲಿಲ್ಲದ ಸ್ಥಿತಿಯಿಂದ ಮಾತ್ರ ಒಪ್ಪಿಗೆ. ಮೊದಲ ಮತ್ತು ಕೊನೆಯ ಸ್ಥಿತಿ ಸೇರಿ ಹತ್ತು.

ಎಲ್ಲ ಭಾಷೆಗಳಿಗೂ ಹೀಗೆ ಸರಿಯಾದ ಉತ್ತರ ಕೊಡುವ ವೇಗದ ವಿಧಾನ ಇದುವರೆಗೆ ಸಿಕ್ಕಿಲ್ಲ. ಅತಿ ಚಿಕ್ಕ ಎನ್‌ಎಫ್‌ಎ ಹುಡುಕುವ ಪ್ರಶ್ನೆ ಪಿ-ಸ್ಪೇಸ್ ಕಂಪ್ಲೀಟ್ ಎಂಬ ಕಠಿಣ ವರ್ಗಕ್ಕೆ ಸೇರುತ್ತದೆಂದು ಟಾವೊ ಜಿಯಾಂಗ್ ಮತ್ತು ಬಿ. ರವಿಕುಮಾರ್ 1993ರಲ್ಲಿ ತೋರಿಸಿದರು. ಹಾಗಾಗಿ ಹೊಸ ಭಾಷೆಯೊಂದು ಎದುರಾದಾಗ ಮೊದಲು ಫೂಲಿಂಗ್ ಸೆಟ್ ಹುಡುಕಿ ನೋಡುತ್ತಾರೆ. ಅದರ ಸಂಖ್ಯೆ ಕೈಯಲ್ಲಿರುವ ಯಂತ್ರದ ಸ್ಥಿತಿಗಳಷ್ಟೇ ಬಂದರೆ ಅಲ್ಲಿಗೆ ಲೆಕ್ಕ ಚುಕ್ತಾ, ಕಡಿಮೆ ಬಂದರೆ ಯಂತ್ರವೇ ದೊಡ್ಡದಾಗಿದೆಯೋ ವಾದವೇ ಚಿಕ್ಕದಾಯಿತೋ ಎಂದು ಮತ್ತೆ ಹುಡುಕಬೇಕಾಗುತ್ತದೆ.