ಝಕಾತ್ ಬಯಾನ್‌ನ ನೇರ ಪ್ರಸಾರ: ಮೊದಲೇ ಕೊಂಡಿ, ನಂತರ ಕತ್ತರಿ

ರಮಝಾನ್ ಹತ್ತಿರವಾದಂತೆ ಊರಿನ ಮಸೀದಿಗಳಲ್ಲಿ ಝಕಾತ್ ಕುರಿತ ಬಯಾನ್ ನಡೆಯುತ್ತದೆ. ಮನೆಯಲ್ಲಿರುವ ಸಹೋದರಿಯರು, ಗಲ್ಫ್‌ನಲ್ಲಿ ದುಡಿಯುವ ಮಕ್ಕಳು ಅದನ್ನು ಯೂಟ್ಯೂಬ್‌ನಲ್ಲಿ ಕೇಳಬಯಸುತ್ತಾರೆ. ನೇರ ಪ್ರಸಾರವನ್ನು ಮುಂಚಿತವಾಗಿ ನಿಗದಿಪಡಿಸುವುದು ಹೇಗೆ, ಮುಗಿದ ಮೇಲೆ ಅದರ ರೆಕಾರ್ಡಿಂಗನ್ನು ಶಾಶ್ವತ ವೀಡಿಯೊ ಆಗಿಸುವುದು ಹೇಗೆ ಎಂಬುದನ್ನು ಒಂದು ಉದಾಹರಣೆಯ ಮೂಲಕ ನೋಡೋಣ.

ಶಅಬಾನ್‌ನ ಒಂದು ಶನಿವಾರ, ಇಶಾ ಬಳಿಕ ರಾತ್ರಿ 9 ಗಂಟೆಗೆ ಬಯಾನ್ ಎಂದಿಟ್ಟುಕೊಳ್ಳೋಣ. ಶನಿವಾರ ಸೌದಿಗೂ ಯುಎಇಗೂ ವಾರದ ರಜಾದಿನ. ಆಗ ಯುಎಇಯಲ್ಲಿ ಸಂಜೆ 7:30, ಸೌದಿಯಲ್ಲಿ 6:30. ಯೂಟ್ಯೂಬ್ ಪುಟ ಆಯಾ ದೇಶದ ಸಮಯವನ್ನು ತಾನೇ ತೋರಿಸುತ್ತದೆ. ಆದರೆ ವಾಟ್ಸ್ಯಾಪ್‌ನಲ್ಲಿ ನಾವು ಬರೆಯುವ ‘9 ಗಂಟೆ’ ಹಾಗೆ ಬದಲಾಗದು. ಆದ್ದರಿಂದ ಸಂದೇಶದಲ್ಲಿ ಮೂರೂ ಸಮಯಗಳನ್ನು ಬರೆಯಬೇಕು.

ಚಾನೆಲ್‌ನಲ್ಲಿ ಮೊದಲ ಬಾರಿ ನೇರ ಪ್ರಸಾರ ಮಾಡುವವರಿಗೆ ಅನುಮತಿ ಸಿಗಲು 24 ಗಂಟೆಗಳವರೆಗೆ ಹಿಡಿಯಬಹುದು. ಮೊಬೈಲ್‌ನಿಂದ ಮಾಡುವುದಾದರೆ ಕನಿಷ್ಠ 50 ಚಂದಾದಾರರು ಇರಬೇಕು. ಕಂಪ್ಯೂಟರ್‌ಗೆ ಈ ಮಿತಿ ಇಲ್ಲ. ಹಾಗಾಗಿ ವಾರ ಮೊದಲೇ ಯೂಟ್ಯೂಬ್ ಸ್ಟುಡಿಯೊ ತೆರೆದು Create, Go live, Manage, Schedule stream ಎಂಬ ಕ್ರಮದಲ್ಲಿ ಹೋಗಿ ಶೀರ್ಷಿಕೆ, ದಿನ, ಸಮಯ ತುಂಬಬೇಕು. ಆ ಕ್ಷಣವೇ ಒಂದು ಕೊಂಡಿ ಸಿಗುತ್ತದೆ. ಜ್ಞಾಪನೆಗೂ ಪ್ರಸಾರಕ್ಕೂ ನಂತರದ ರೆಕಾರ್ಡಿಂಗ್‌ಗೂ ಇದೊಂದೇ ಕೊಂಡಿ.

ಜ್ಞಾಪನೆ ಮೂರು ಸಾಕು, ಆದರೆ ಮೂರರ ಕೆಲಸವೂ ಬೇರೆ. ವಾರದ ಹಿಂದಿನದು ವಿಷಯ ತಿಳಿಸಿ, ಕೊಂಡಿ ತೆರೆದು Notify me ಒತ್ತಲು ಹೇಳಬೇಕು. ಒತ್ತಿದವರಿಗೆ ಯೂಟ್ಯೂಬೇ ನೆನಪಿಸುತ್ತದೆ. ಹಿಂದಿನ ದಿನದ್ದು ‘ಮನೆಯ ಚಿನ್ನ, ಬೆಳ್ಳಿ, ಉಳಿತಾಯ, ಸಾಲಗಳ ಪಟ್ಟಿ ಜೊತೆಗಿಟ್ಟುಕೊಳ್ಳಿ’ ಎಂದು ಸಿದ್ಧತೆ ಕೇಳಬೇಕು. ಅರ್ಧ ಗಂಟೆ ಮೊದಲಿನದರಲ್ಲಿ ಕೊಂಡಿ ಮತ್ತು ಸಮಯ ಮಾತ್ರ ಇರಲಿ. ವಾಟ್ಸ್ಯಾಪ್ ಸ್ಟೇಟಸ್ 24 ಗಂಟೆಯಲ್ಲಿ ಮಾಯವಾಗುವುದರಿಂದ ಮೊದಲ ಸಂದೇಶವನ್ನು ಗುಂಪಿನಲ್ಲೇ ಹಾಕಬೇಕು.

ಹೆಚ್ಚಾಗಿ ತಪ್ಪಾಗುವುದು ಪ್ರಸಾರ ಆರಂಭಿಸುವಾಗ. ಗಡಿಬಿಡಿಯಲ್ಲಿ ಹುಡುಗರು ನಿಗದಿಪಡಿಸಿದ್ದನ್ನು ತೆರೆಯದೆ ಹೊಸದಾಗಿ ಒಂದು ಪ್ರಸಾರ ಶುರುಮಾಡಿಬಿಡುತ್ತಾರೆ. ಅದಕ್ಕೆ ಬೇರೆ ಕೊಂಡಿ. ಬಯಾನ್ ನಡೆಯುತ್ತಿರುತ್ತದೆ, ಹಳೆಯ ಕೊಂಡಿಯಲ್ಲಿ ಜನ ಕಾಯುತ್ತಿರುತ್ತಾರೆ. ಆದ್ದರಿಂದ Manage ಒಳಗಿನ ಪಟ್ಟಿಯಿಂದಲೇ ನಿಗದಿತ ಪ್ರಸಾರ ತೆರೆಯಬೇಕು. ಮಸೀದಿಯ ಹೊರಗೆ ಒಬ್ಬರು ಬೇರೆ ಮೊಬೈಲ್‌ನಲ್ಲಿ ಗುಂಪಿಗೆ ಹಾಕಿದ ಕೊಂಡಿಯನ್ನೇ ತೆರೆದು ಚಿತ್ರ ಮತ್ತು ಧ್ವನಿ ಬರುತ್ತಿದೆಯೇ ಎಂದು ನೋಡಬೇಕು.

ಪ್ರಸಾರ 12 ಗಂಟೆಗಿಂತ ಕಡಿಮೆ ಇದ್ದರೆ ಯೂಟ್ಯೂಬ್ ಅದನ್ನು ತಾನಾಗಿ ಉಳಿಸಿಕೊಳ್ಳುತ್ತದೆ. ಅಲ್ಲಿಗೆ ಕೆಲಸ ಮುಗಿಯಿತು ಎಂದು ಹಲವರು ಭಾವಿಸುತ್ತಾರೆ. ಆದರೆ ಮಜ್ಲಿಸಿನ ಮಾತು ಅಮಾನತ್. ಪ್ರಶ್ನೋತ್ತರದಲ್ಲಿ ಒಬ್ಬ ಸಹೋದರ ತನ್ನ ಸಾಲ ಹೇಳಿಕೊಂಡಿರುತ್ತಾನೆ, ಚಾಟ್‌ನಲ್ಲಿ ಒಬ್ಬ ಸಹೋದರಿ ತನ್ನ ಬಳಿ ಇರುವ ಒಡವೆಯ ತೂಕ ಬರೆದಿರುತ್ತಾಳೆ. ಅವರು ಆ ರಾತ್ರಿಯ ಉತ್ತರಕ್ಕಾಗಿ ಹೇಳಿದ್ದೇ ಹೊರತು ವರ್ಷಗಟ್ಟಲೆ ಲೋಕ ನೋಡಲೆಂದಲ್ಲ.

ಹಾಗಾಗಿ ಪ್ರಸಾರ ಮುಗಿದ ಕೂಡಲೇ Visibility ಅನ್ನು Private ಮಾಡಿ, ‘ವೀಡಿಯೊ ನಾಳೆ ಸಿಗುತ್ತದೆ, ಇನ್‌ಶಾ ಅಲ್ಲಾಹ್’ ಎಂದು ಗುಂಪಿನಲ್ಲಿ ತಿಳಿಸಬೇಕು. ಉದಾಹರಣೆಗೆ, 70 ನಿಮಿಷದ ರೆಕಾರ್ಡಿಂಗ್‌ನಲ್ಲಿ ಮೊದಲ 8 ನಿಮಿಷ ಮೈಕ್ ಪರೀಕ್ಷೆ, 52ರಿಂದ 60ನೇ ನಿಮಿಷ ಆ ಸಹೋದರನ ಸಾಲದ ಮಾತು. Editor ಒಳಗೆ Trim & cut ಒತ್ತಿ ಈ ಎರಡನ್ನೂ ತೆಗೆದರೆ 54 ನಿಮಿಷ ಉಳಿಯುತ್ತದೆ, ಕೊಂಡಿ ಬದಲಾಗುವುದಿಲ್ಲ. Save ಒತ್ತಿದ ಮೇಲೂ ಹೊಸ ರೂಪ ಸಿದ್ಧವಾಗಲು ಕೆಲವು ಗಂಟೆ ಹಿಡಿಯಬಹುದು. ಅಲ್ಲಿಯವರೆಗೆ ಹಳೆಯದೇ ಕಾಣುತ್ತದೆ. ಕತ್ತರಿಸಿದ ಜಾಗಗಳನ್ನು ನಾವೇ ಮೊದಲು ನೋಡಿ, ಚಾಟ್ ಮತ್ತೆ ಕಾಣದಂತೆ Live chat replay ನಿಲ್ಲಿಸಿ, ಆಮೇಲೆ Public ಮಾಡಬೇಕು.

ಇನ್ನೊಂದು ತಿದ್ದುಪಡಿ ಶೀರ್ಷಿಕೆ ಮತ್ತು ವಿವರಣೆಯದು. ‘ಇಂದು ರಾತ್ರಿ ನೇರ ಪ್ರಸಾರ’ ಎಂಬುದನ್ನು ತೆಗೆದು ‘ಝಕಾತ್ ಲೆಕ್ಕ: ಚಿನ್ನ, ಬೆಳ್ಳಿ, ಉಳಿತಾಯ’ ಎಂದು ಬರೆಯಬೇಕು. ಬಯಾನ್‌ನಲ್ಲಿ ಅಂದಿನ ಬೆಳ್ಳಿಯ ದರ ಹಿಡಿದು ನಿಸಾಬನ್ನು ರೂಪಾಯಿಯಲ್ಲಿ ಹೇಳಿರುತ್ತೇವೆ. ಮುಂದಿನ ವರ್ಷ ಕೇಳುವವರು ಅದೇ ಮೊತ್ತ ಹಿಡಿದರೆ, ಝಕಾತ್ ಕೊಡಬೇಕಾದವರು ಕೊಡದೆ ಉಳಿಯಬಹುದು ಅಥವಾ ಕಡ್ಡಾಯವಲ್ಲದವರು ಕಡ್ಡಾಯವೆಂದು ತಿಳಿಯಬಹುದು. ಆದ್ದರಿಂದ ವಿವರಣೆಯ ಮೊದಲ ಸಾಲಿನಲ್ಲೇ ಬಯಾನ್ ನಡೆದ ದಿನಾಂಕ ಬರೆದು, ‘ಇಲ್ಲಿ ಹೇಳಿದ ದರ ಆ ದಿನದ್ದು, ನೀವು ಲೆಕ್ಕ ಹಾಕುವ ದಿನದ ದರವನ್ನು ಸೇರಿಸಿಕೊಳ್ಳಿ’ ಎಂದು ಸೇರಿಸಬೇಕು.

ಕೊನೆಗೆ ಅದೇ ಕೊಂಡಿಯನ್ನು ಗುಂಪಿನಲ್ಲಿ ಮತ್ತೊಮ್ಮೆ ಹಾಕಿ. ಶನಿವಾರ ಕೆಲಸಕ್ಕೆ ಹೋಗಿದ್ದ ಸಹೋದರನಿಗೂ ಮಗುವನ್ನು ಮಲಗಿಸುತ್ತಿದ್ದ ಸಹೋದರಿಗೂ ಬಯಾನ್ ತಲುಪುವುದು ಆಗಲೇ.