ಹೊಳೆಯಷ್ಟು ದೊಡ್ಡ ವಿಷಯ

ಪ್ರಶ್ನೆ: ಎಲ್‌ಎಲ್‌ಎಂ ಪ್ರಬಂಧಕ್ಕೆ ‘ತುಂಗಭದ್ರೆಯ ಮಾಲಿನ್ಯ ಮತ್ತು ಕಾನೂನು’ ಎಂದುಕೊಂಡಿದ್ದೇನೆ. ಗೈಡ್ ಒಪ್ಪುತ್ತಿಲ್ಲ. ಏನು ಮಾಡಲಿ?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಹೊಳೆ ಮಾಲಿನ್ಯದ ವಿಷಯ ಬಿಡಬೇಡಿಮ್ಮಾ, ಆದರೆ ಒಂದೇ ಕಲಮಿಗೆ ಇಳಿಯಿರಿ. 1974ರ ಜಲ ಕಾಯ್ದೆಯ 21ನೇ ಕಲಂ ನೋಡಿ. ಕಾರ್ಖಾನೆಯ ತ್ಯಾಜ್ಯನೀರಿನ ಮಾದರಿ ತೆಗೆಯುವ ಅಧಿಕಾರಿ ಅಲ್ಲೇ ನೋಟಿಸ್ ಕೊಡಬೇಕು, ಮಾಲೀಕರ ಕಡೆಯವರೆದುರು ಅದನ್ನು ಎರಡು ಪಾಲು ಮಾಡಿ ಸೀಲ್ ಹಾಕಬೇಕು. ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿ ಸಾಕ್ಷ್ಯವಾಗಿ ನಿಲ್ಲದು.

ಈಗ ಪ್ರಶ್ನೆ ಹೀಗಾಗುತ್ತದೆ: ‘2000ರಿಂದ 2020ರವರೆಗಿನ ಕರ್ನಾಟಕ ಹೈಕೋರ್ಟ್ ತೀರ್ಪುಗಳಲ್ಲಿ, ಮಾದರಿ ತೆಗೆಯುವ ಲೋಪವನ್ನು ನ್ಯಾಯಾಲಯ ಹೇಗೆ ಪರಿಗಣಿಸಿದೆ?’ ಪ್ರಬಂಧದ ಹೆಸರು ನೋಂದಾಯಿಸುವ ಮೊದಲೇ ಒಂದು ವಾರ ತೀರ್ಪು ಹುಡುಕಿ. ಎರಡು-ಮೂರೇ ಸಿಕ್ಕರೆ ಬೇರೆ ಹೈಕೋರ್ಟ್ ಸೇರಿಸಿ. ನೂರಾರು ಸಿಕ್ಕರೆ ವರ್ಷ ಕಡಿಮೆ ಮಾಡಿ. ನದಿ ಎಷ್ಟು ಕೆಟ್ಟಿದೆ ಎಂಬುದು ರಸಾಯನಶಾಸ್ತ್ರದವರ ಪ್ರಶ್ನೆ, ಅದನ್ನು ಹೊರಗಿಡಿ.