ಒತ್ತಿದರೆ ಕುಗ್ಗು, ಕಾಯಿಸಿದರೆ ಹಿಗ್ಗು: ಸಿರಿಂಜಿನ ಗಾಳಿ ಯಾರ ಮಾತು ಕೇಳುತ್ತದೆ?



ಸಿರಿಂಜಿನ ತುದಿಯನ್ನು ಬೆರಳಿನಿಂದ ಮುಚ್ಚಿ ಪಿಸ್ಟನ್ ಒತ್ತಿದರೆ ಒಳಗಿನ ಗಾಳಿ ಕುಗ್ಗುತ್ತದೆ. ಇದನ್ನು ರಾಬರ್ಟ್ ಬಾಯ್ಲ್ ಎಂಬ ವಿಜ್ಞಾನಿ 1662ರಲ್ಲಿ ನಿಯಮವಾಗಿ ಹೇಳಿದರು. ಗಾಳಿಯನ್ನು ಕಾಯಿಸಿದರೆ ಹಿಗ್ಗುತ್ತದೆ. ಇದಕ್ಕೆ ಚಾರ್ಲ್ಸ್ ನಿಯಮ ಅಂತ ಹೆಸರು. ಸರಿ, ಒಂದೇ ಸಿರಿಂಜನ್ನು ಒತ್ತಿ, ಕಾಯಿಸಿ, ಎರಡನ್ನೂ ಮಾಡಿದರೆ? ಒತ್ತಡ ಕುಗ್ಗು ಅನ್ನುತ್ತದೆ, ಶಾಖ ಹಿಗ್ಗು ಅನ್ನುತ್ತದೆ. ಗಾಳಿ ಇಬ್ಬರ ಮಾತನ್ನೂ ಕೇಳುತ್ತದೆ! ಎಷ್ಟೆಷ್ಟು ಅಂತ ಲೆಕ್ಕ ಮಾಡೋಣ.

ಔಷಧಿ ಅಂಗಡಿಯಿಂದ 10 ಮಿ.ಲೀ. ಹೊಸ ಸಿರಿಂಜ್ ತರಬೇಕು. ಸೂಜಿ ಬೇಡ. ಯಾರೋ ಬಳಸಿ ಬಿಸಾಡಿದ್ದನ್ನು ಮುಟ್ಟಲೇಬಾರದು. ಪಿಸ್ಟನ್ನನ್ನು 8ರ ಗೆರೆಗೆ ಎಳೆದು, ತುದಿಯನ್ನು ಮೇಷ್ಟ್ರ ಕೈಯಲ್ಲಿ ಕಾಯಿಸಿ, ಇಕ್ಕಳದಿಂದ ಅಮುಕಿಸಿ ಮುಚ್ಚಿಸಬೇಕು. ಒಂದು ಹಲಗೆಗೆ ತೂತು ಮಾಡಿ ಸಿರಿಂಜನ್ನು ಇಳಿಬಿಟ್ಟರೆ, ಬೆರಳು ಹಿಡಿಯುವ ಕಿವಿಗಳು ಹಲಗೆಯ ಮೇಲೆ ಕೂರುತ್ತವೆ. ಪಿಸ್ಟನ್ ಮೇಲೆ 1 ಕೆ.ಜಿ. ತೂಕದ ಬಟ್ಟನ್ನು, ಬೀಳದ ಹಾಗೆ ಪಕ್ಕದಲ್ಲಿ ಕೈ ಆನಿಸಿ, ಇಡಬೇಕು.

ಈಗ ಒತ್ತಡ ಎಷ್ಟು? ಸಿರಿಂಜಿನ ಮೇಲಿನ 0ಯಿಂದ 10ರವರೆಗಿನ ಗೆರೆಗಳ ಉದ್ದ ಅಳೆಯಿರಿ. ಅದು 6 ಸೆಂ.ಮೀ. ಇದ್ದರೆ, ಒಳಬಾಯಿಯ ವಿಸ್ತೀರ್ಣ 10 ÷ 6, ಅಂದರೆ ಸುಮಾರು 1.67 ಚದರ ಸೆಂ.ಮೀ. ಅಷ್ಟು ಜಾಗದ ಮೇಲೆ 1 ಕೆ.ಜಿ. ಕೂತರೆ ಒಂದು ಚದರ ಸೆಂ.ಮೀ.ಗೆ 0.6 ಕೆ.ಜಿ. ಬೀಳುತ್ತದೆ. ಹೊರಗಿನ ಗಾಳಿಯೂ ಪಿಸ್ಟನ್ನನ್ನು ಒತ್ತುತ್ತಿದೆ, ಅದನ್ನು ಮರೆಯಬಾರದು. ಅದು ಚದರ ಸೆಂ.ಮೀ.ಗೆ ಸುಮಾರು 1 ಕೆ.ಜಿ. ಆದ್ದರಿಂದ ಒತ್ತಡ ಮೊದಲು 1 ಇತ್ತು, ಈಗ 1.6 ಆಯಿತು.

ಇನ್ನು ತಾಪ. ಮೊದಲು ಕೋಣೆಯ ತಾಪ 27 ಡಿಗ್ರಿ ಸೆಲ್ಸಿಯಸ್ ಇತ್ತು ಅಂತಿಟ್ಟುಕೊಳ್ಳಿ. ಆಮೇಲೆ ಸಿರಿಂಜಿನ ಗಾಳಿ ಇರುವ ಭಾಗವನ್ನು ಪೂರ್ತಿ 77 ಡಿಗ್ರಿ ಬಿಸಿನೀರಿನಲ್ಲಿ ಮುಳುಗಿಸಿದೆವು. (ಜ್ವರ ನೋಡುವ ಥರ್ಮಾಮೀಟರ್ ಹಾಕಬೇಡಿ, ಒಡೆದೀತು. ಪ್ರಯೋಗಶಾಲೆಯದು ಬೇಕು.)

ಇಲ್ಲೇ ಲೆಕ್ಕ ತಪ್ಪುವ ಜಾಗ ಇರೋದು. 27ರಿಂದ 77 ಆಯಿತು, ಸುಮಾರು ಮೂರು ಪಟ್ಟು ಬಿಸಿ ಅನಿಸುತ್ತದೆ. ಆದರೆ ಸೆಲ್ಸಿಯಸ್‌ನ 0 ಅಂದರೆ ನೀರು ಹೆಪ್ಪುಗಟ್ಟುವ ತಾಪ ಅಷ್ಟೆ, ಶಾಖದ ತಳ ಅಲ್ಲ. ಬಾವಿಯ ನೀರನ್ನು ನಡುವಿನ ಮೆಟ್ಟಿಲಿನಿಂದ ಅಳೆದರೆ ಒಟ್ಟು ನೀರು ಎಷ್ಟು ಪಟ್ಟಾಯಿತು ಅಂತ ಗೊತ್ತಾಗುತ್ತದೆಯೇ? ತಳದಿಂದಲೇ ಅಳೆಯಬೇಕು. ತಾಪದ ತಳ ಸೊನ್ನೆಗಿಂತ 273 ಡಿಗ್ರಿ ಕೆಳಗಿದೆ. ಅಲ್ಲಿಂದ ಎಣಿಸುವುದೇ ಕೆಲ್ವಿನ್. ಹಾಗಾಗಿ 27 + 273 = 300 ಮತ್ತು 77 + 273 = 350. ಮೂರು ಪಟ್ಟಲ್ಲ, ಆರರಲ್ಲಿ ಒಂದು ಪಾಲು ಮಾತ್ರ ಹೆಚ್ಚಾಗಿದೆ.

ಒಳಗಿನ ಗಾಳಿ ಅಷ್ಟೇ ಇದ್ದರೆ, ಒತ್ತಡವನ್ನು ಗಾತ್ರದಿಂದ ಗುಣಿಸಿ ಕೆಲ್ವಿನ್ ತಾಪದಿಂದ ಭಾಗಿಸಿದಾಗ ಬರುವ ಸಂಖ್ಯೆ ಬದಲಾಗುವುದಿಲ್ಲ. ಇದೇ ಸಂಯೋಜಿತ ಅನಿಲ ನಿಯಮ:

P₁V₁/T₁ = P₂V₂/T₂

ಒತ್ತಡದಿಂದ ಮಾತ್ರ: 8 ÷ 1.6 = 5 ಮಿ.ಲೀ.
ಆಮೇಲೆ ಶಾಖದಿಂದ: 5 × 350 ÷ 300 = ಸುಮಾರು 5.8 ಮಿ.ಲೀ.

ಮೊದಲು ಕಾಯಿಸಿ ಆಮೇಲೆ ಒತ್ತಿದರೂ ಉತ್ತರ ಇದೇ. ಸೆಲ್ಸಿಯಸ್‌ನಲ್ಲೇ ಲೆಕ್ಕ ಮಾಡಿದ್ದರೆ 5 × 77 ÷ 27, ಅಂದರೆ 14 ಮಿ.ಲೀ.ಗಿಂತ ಹೆಚ್ಚು ಬರುತ್ತಿತ್ತು. 10 ಮಿ.ಲೀ. ಸಿರಿಂಜಿನಿಂದ ಪಿಸ್ಟನ್ ಹಾರಿ ಹೋಗಬೇಕಿತ್ತು! ಹಾಗೇನೂ ಆಗೋದಿಲ್ಲ. ಅದು 6ರ ಗೆರೆಗಿಂತ ಸ್ವಲ್ಪ ಕೆಳಗೇ ನಿಲ್ಲುತ್ತದೆ.

ನೋಡಿದ್ದಕ್ಕೂ ಲೆಕ್ಕಕ್ಕೂ ತಾಳೆ ಆಗದಿದ್ದರೆ ಮೂರು ಕಾರಣ ಹುಡುಕಿ. ರಬ್ಬರ್ ಬಿಗಿಯಾಗಿ ಹಿಡಿದಿರಬಹುದು. ಪಿಸ್ಟನ್ನನ್ನು ಒಮ್ಮೆ ಸ್ವಲ್ಪ ಒತ್ತಿ ಬಿಟ್ಟು, ಒಮ್ಮೆ ಸ್ವಲ್ಪ ಎತ್ತಿ ಬಿಟ್ಟು, ಎರಡೂ ಸಲ ಗೆರೆ ನೋಡಿ ಸರಾಸರಿ ತೆಗೆಯಿರಿ. ಗಾಳಿ ಸೋರಿರಬಹುದು. ಬಟ್ಟು ತೆಗೆದು ತಣಿಯಲು ಬಿಟ್ಟಾಗ ಪಿಸ್ಟನ್ 8ಕ್ಕೆ ಬಾರದೆ 7ರಲ್ಲೇ ನಿಂತರೆ ಸೋರಿದೆ ಅಂತಲೇ ಅರ್ಥ. ಮೂರನೆಯದು, ಒಳಗೆ ನೀರಿನ ಹನಿ ಇದ್ದರೆ ಅದು ಬಿಸಿಗೆ ಆವಿಯಾಗಿ ಗಾತ್ರ ಹೆಚ್ಚು ತೋರಿಸುತ್ತದೆ, ತಣಿದರೆ ಮತ್ತೆ 8ಕ್ಕೇ ಬಂದು ನಿಲ್ಲುತ್ತದೆ. ಅದಕ್ಕೇ ಸಿರಿಂಜ್ ಒಣಗಿರಬೇಕು.

ನಿಮಗೊಂದು ಲೆಕ್ಕ: 1 ಕೆ.ಜಿ. ಬದಲು ಅರ್ಧ ಕೆ.ಜಿ. ಬಟ್ಟು ಇಟ್ಟು ಅದೇ ಬಿಸಿನೀರಿಗೆ ಇಳಿಸಿದರೆ ಗಾತ್ರ ಎಷ್ಟು?

(ಉತ್ತರ: ಒತ್ತಡ 1.3, ಗಾತ್ರ ಸುಮಾರು 7.2 ಮಿ.ಲೀ. ಮೊದಲು ಲೆಕ್ಕ ಮಾಡಿ, ಆಮೇಲೆ ನೋಡಿ!)

– 7ನೇ ತರಗತಿ